ಗೆರೆಯ ಮೇಲೆ ನಿಲ್ಲದ ಡೋಸು

“ಪಾಯಿಂಟ್ ನಾಲ್ಕೆರಡು ಅಂತ ಯಾಕವ್ವ ನಮ್ ತಲೆ ಕೆಡಿಸ್ತೀಯ? ಅರ್ಧ ಅಂತ ಹೇಳ್ಬಿಡು, ಅರ್ಧ ಹಾಕ್ತೀವಿ.”

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನನ್ನೆದುರು ನಿಂತಿದ್ದ ಅಜ್ಜಿಯೊಬ್ಬರ ಮಾತಿದು. ಅವರ ಪಕ್ಕದಲ್ಲಿ ಮಗಳು, ಮಗಳ ತೋಳಿನಲ್ಲಿ ಮೂರು ತಿಂಗಳ ಕೂಸು. ಕೂಸಿನ ಹೃದಯದಲ್ಲಿ ತೂತಿತ್ತು. ತೂಕ 4.2 ಕೆ.ಜಿ. ವೈದ್ಯರು ಡಿಗಾಕ್ಸಿನ್ ದ್ರವ ಬರೆದಿದ್ದರು, ಬೆಳಿಗ್ಗೆ 0.42 ಎಂಎಲ್, ಸಂಜೆ 0.42 ಎಂಎಲ್. ಅಜ್ಜಿ ಕೇಳಿದ್ದು ಅವಿವೇಕದ ಪ್ರಶ್ನೆಯಲ್ಲ. ಅವರು ಕೇಳಿದ ಕೆಲಸವನ್ನೇ ನಾವು ಫಾರ್ಮಸಿಸ್ಟುಗಳು ದಿನಕ್ಕೆ ಹತ್ತಾರು ಸಲ ಮಾಡುತ್ತೇವೆ. ಲೆಕ್ಕದಲ್ಲಿ ಬಂದ ವಕ್ರ ಸಂಖ್ಯೆಯನ್ನು ಅಳೆಯಬಹುದಾದ ಸಂಖ್ಯೆಗೆ ಸರಿಸುತ್ತೇವೆ. ಅದಕ್ಕೆ ನಮ್ಮಲ್ಲಿ ‘ರೌಂಡ್ ಮಾಡೋದು’ ಎನ್ನುತ್ತೇವೆ. ಅವತ್ತು ಬೆಳಿಗ್ಗೆಯಷ್ಟೇ ಇನ್ನೊಂದು ಮಗುವಿನ ಜ್ವರದ ಸಿರಪ್ಪಿನಲ್ಲಿ ಅರ್ಧ ಎಂಎಲ್‌ಗೂ ಹೆಚ್ಚನ್ನು ನಾನೇ ಕತ್ತರಿಸಿ ಹಾಕಿದ್ದೆ. ಈ ಕೂಸಿಗೆ ಮಾತ್ರ ನೂರರಲ್ಲಿ ಎಂಟು ಪಾಲು ಎಂಎಲ್ ಏರಿಸಲೂ ಒಪ್ಪಲಿಲ್ಲ.

ದೊಡ್ಡವರಿಗೆ ಹೆಚ್ಚಾಗಿ ‘ಒಂದು ಮಾತ್ರೆ’ ಎಂದರೆ ಮುಗಿಯಿತು. ಮಕ್ಕಳಿಗೆ ಹಾಗಲ್ಲ. ಒಂದು ಕಿಲೋ ತೂಕಕ್ಕೆ ಇಷ್ಟು ಔಷಧ ಎಂದು ಹಿಡಿದು, ತೂಕದಿಂದ ಗುಣಿಸಿ, ಬಾಟಲಿಯಲ್ಲಿರುವ ಗಾಢತೆಯಿಂದ ಭಾಗಿಸಬೇಕು. ಬರುವ ಉತ್ತರಕ್ಕೆ ಸಿರಿಂಜಿನ ಗೆರೆಗಳ ಬಗ್ಗೆ ಏನೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 5 ಎಂಎಲ್ ಸಿರಿಂಜಿನಲ್ಲಿ ಗೆರೆಯಿಂದ ಗೆರೆಗೆ 0.2 ಎಂಎಲ್ ಅಂತರ. 2 ಎಂಎಲ್ ಸಿರಿಂಜಿನಲ್ಲಿ 0.1. ಸಣಕಲು 1 ಎಂಎಲ್ ಸಿರಿಂಜಿನಲ್ಲಿ 0.01. ಉತ್ತರ ಎರಡು ಗೆರೆಗಳ ನಡುವೆ ಬಿದ್ದರೆ ಯಾರಾದರೂ ಅದನ್ನು ಆಚೆಗೋ ಈಚೆಗೋ ತಳ್ಳಲೇಬೇಕು. ಆಸ್ಪತ್ರೆಯಲ್ಲಿ ತಳ್ಳದಿದ್ದರೆ ಮನೆಯಲ್ಲಿ ತಳ್ಳುತ್ತಾರೆ, ಅದೂ ನಡುರಾತ್ರಿ, ಅಳುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು.

ಮೊದಲು ಬೆಳಗಿನ ಜ್ವರದ ಮಗುವಿನ ಲೆಕ್ಕ ನೋಡೋಣ. ಅದರ ತೂಕ 9.3 ಕೆ.ಜಿ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಕೊಡುವ ರೂಢಿಯಿದೆ. ವೈದ್ಯರು ಮೇಲಿನ ತುದಿ ಹಿಡಿದು 15ರ ಲೆಕ್ಕ ಹಾಕಿದ್ದರು: 139.5 ಮಿಲಿಗ್ರಾಂ. ಅವರ ಮನೆಯಲ್ಲಿದ್ದದ್ದು 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್, ಅಂದರೆ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ. ಭಾಗಿಸಿದರೆ 5.58 ಎಂಎಲ್. ಬಾಟಲಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ಇಂಥ ಗೆರೆ ಎಲ್ಲಿಂದ ಬರಬೇಕು?

ಶಾಲೆಯ ಗಣಿತದ ಪ್ರಕಾರ 5.58 ಹತ್ತಿರದ ಪೂರ್ಣಾಂಕಕ್ಕೆ 6 ಆಗುತ್ತದೆ. ನಮ್ಮ ಕೆಲಸದಲ್ಲಿ ಹಾಗೆ ಮಾಡುವಂತಿಲ್ಲ. 6 ಎಂಎಲ್‌ನಲ್ಲಿ 150 ಮಿಲಿಗ್ರಾಂ ಇರುತ್ತದೆ, ಕಿಲೋಗೆ 16ಕ್ಕೂ ಮೇಲೆ. ಒಂದು ಸಲ ಕೊಟ್ಟರೆ ಏನೂ ಆಗುವುದಿಲ್ಲ. ಆದರೆ ಜ್ವರ ಒಂದು ಸಲಕ್ಕೆ ಬಿಡುವುದಿಲ್ಲವಲ್ಲ. ದಿನಕ್ಕೆ ನಾಲ್ಕು ಸಲವಾದರೆ ಕಿಲೋಗೆ 60 ಮಿಲಿಗ್ರಾಂ ಎಂಬ ದಿನದ ಮಿತಿ ದಾಟಿ 64ಕ್ಕೆ ಹೋಗುತ್ತದೆ. ಲೆಕ್ಕವೇ ಮಿತಿಯ ಮೇಲಂಚಿನಲ್ಲಿ ನಿಂತಿರುವಾಗ ಮೇಲಕ್ಕೆ ರೌಂಡ್ ಮಾಡಲು ಜಾಗವಿರುವುದಿಲ್ಲ, ಕೆಳಕ್ಕೇ ಬರಬೇಕು. ಹಾಗಾದರೆ 5.5 ಎಂಎಲ್? ಅದು 137.5 ಮಿಲಿಗ್ರಾಂ, ಲೆಕ್ಕಕ್ಕೆ ತೀರಾ ಹತ್ತಿರ. ಪುಸ್ತಕ ಅದನ್ನೇ ಮೆಚ್ಚುತ್ತದೆ. ನಾನು ಮಾತ್ರ 5 ಎಂಎಲ್ ಸೂಚಿಸಿದೆ, ವೈದ್ಯರು ಒಪ್ಪಿದರು. 5 ಎಂಎಲ್ ಅಂದರೆ 125 ಮಿಲಿಗ್ರಾಂ, ಕಿಲೋಗೆ 13.4; ಹತ್ತರಿಂದ ಹದಿನೈದರ ಕಿಟಕಿಯೊಳಗೆ ಆರಾಮವಾಗಿ ಕೂರುವ ಸಂಖ್ಯೆ. ಮುಚ್ಚಳದಲ್ಲೂ ಸಿರಿಂಜಿನಲ್ಲೂ 5ಕ್ಕೆ ಗೆರೆಯಿದೆ, ಆ ತಾಯಿ ತಪ್ಪು ಅಳೆಯುವ ಸಂಭವ ಕಡಿಮೆ. ಲೆಕ್ಕದಿಂದ ಶೇ. 10ರಷ್ಟು ಕೆಳಗೆ ಬಂದರೂ ಮಗುವಿಗೆ ನಷ್ಟವಾಗಲಿಲ್ಲ.

ಆದರೆ ಈ ‘5 ಎಂಎಲ್’ ಆ ಒಂದು ಬಾಟಲಿಗಷ್ಟೇ ಸೇರಿದ್ದು. ಅದು ಮುಗಿದು ಊರಿನ ಮೆಡಿಕಲ್ ಶಾಪಿನಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಬಾಟಲಿ ಕೊಟ್ಟರೆ, ಅದೇ ಐದು ಎಂಎಲ್‌ನಲ್ಲಿ ಎರಡು ಪಟ್ಟು ಔಷಧ ಹೋಗುತ್ತದೆ. ಎಳೆ ಶಿಶುಗಳಿಗೆಂದು ಸಿಗುವ ಡ್ರಾಪ್ಸಿನಲ್ಲಿ ಒಂದೊಂದು ಎಂಎಲ್‌ಗೂ 100 ಮಿಲಿಗ್ರಾಂ ಇರುತ್ತದೆ. ಅದನ್ನು ಐದು ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ, ಹೆಚ್ಚುಕಡಿಮೆ ಇಡೀ ದಿನದ ಔಷಧ ಒಂದೇ ಗುಟುಕಿನಲ್ಲಿ. ಡ್ರಾಪ್ಸ್ ಎಂದರೆ ‘ಚಿಕ್ಕ ಮಕ್ಕಳದ್ದು, ಹಾಗಾಗಿ ಮೆದು’ ಎಂದು ನಂಬಿದವರನ್ನು ಬಹಳ ಮಂದಿ ನೋಡಿದ್ದೇನೆ. ಇರುವುದು ತಿರುಗುಮುರುಗು. ಆದ್ದರಿಂದ ಚೀಟಿಯಲ್ಲಿ ಎಂಎಲ್ ಒಂದನ್ನೇ ಬರೆಯದೆ ಮಿಲಿಗ್ರಾಮನ್ನೂ ಬಾಟಲಿಯ ಗಾಢತೆಯನ್ನೂ ಬರೆಯುವುದು.

ಈಗ ಅಜ್ಜಿಯ ಕೂಸಿಗೆ ಬರೋಣ. ಡಿಗಾಕ್ಸಿನ್ ಹಳೆಯ ಔಷಧ. ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಎಲೆಯ ಬಗ್ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಬರೆದ ಪುಸ್ತಕದಲ್ಲೇ, ಪ್ರಮಾಣ ಹೆಚ್ಚಾದರೆ ವಾಂತಿ ಬರುತ್ತದೆ, ಕಣ್ಣಿಗೆ ವಸ್ತುಗಳು ಹಸಿರು ಹಳದಿಯಾಗಿ ಕಾಣುತ್ತವೆ, ನಾಡಿ ನಿಧಾನವಾಗುತ್ತದೆ ಎಂದಿದೆ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಇದರಲ್ಲಿ ಕಡಿಮೆ. ಹೃದಯ ಸೋತ ದೊಡ್ಡವರ ರಕ್ತದಲ್ಲಿ ಒಂದು ಎಂಎಲ್‌ಗೆ 0.5ರಿಂದ 0.9 ನ್ಯಾನೊಗ್ರಾಂ ಇರಲಿ ಎಂದು ವೈದ್ಯರು ಬಯಸುತ್ತಾರೆ, 2 ದಾಟಿದರೆ ವಿಷದ ಭಯ. ಪ್ಯಾರಾಸಿಟಮಾಲ್‌ನ ಅಗಲ ಕಿಟಕಿ ಇಲ್ಲಿಲ್ಲ, ಇರುವುದು ಬರೀ ಸಂದು.

ಕಿಲೋಗೆ 5 ಮೈಕ್ರೊಗ್ರಾಂ, ತೂಕ 4.2, ಒಂದು ಸಲಕ್ಕೆ 21 ಮೈಕ್ರೊಗ್ರಾಂ. ದ್ರವದ ಒಂದು ಎಂಎಲ್‌ನಲ್ಲಿ 50 ಮೈಕ್ರೊಗ್ರಾಂ. ಉತ್ತರ 0.42 ಎಂಎಲ್. ಅಜ್ಜಿ ಹೇಳಿದ ಅರ್ಧ ಎಂಎಲ್‌ನಲ್ಲಿ 25 ಮೈಕ್ರೊಗ್ರಾಂ ಇರುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸ ಎರಡು ಹನಿಯಷ್ಟೂ ಇಲ್ಲ, ಔಷಧದ ವ್ಯತ್ಯಾಸ ಶೇ. 19. ದಿನಕ್ಕೆರಡು ಸಲ, ತಿಂಗಳುಗಟ್ಟಲೆ. ಡಿಗಾಕ್ಸಿನ್ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಕೂಸಿಗೆ ಒಂದು ಭೇದಿ ಬಂದು ಮೈಯ ನೀರು ಇಳಿದರೆ ಆ ದಾರಿಯೂ ಸಣ್ಣದಾಗುತ್ತದೆ, ಹೆಚ್ಚುವರಿ ಹತ್ತೊಂಬತ್ತು ಅಲ್ಲೇ ಕೂಡಿಕೊಳ್ಳುತ್ತದೆ. ಕೂಸಿಗೆ ‘ಹಳದಿ ಕಾಣುತ್ತಿದೆ’ ಎನ್ನಲು ಬರುವುದಿಲ್ಲ. ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಮಂಕಾಗುತ್ತದೆ. ಹಾಲು ಬಿಟ್ಟ ಕೂಸಿಗೆ ಮನೆಯವರು ದೃಷ್ಟಿ ತೆಗೆದು, ಔಷಧ ತಪ್ಪಿಸಬಾರದೆಂದು ಮತ್ತೆ ಅರ್ಧ ಎಂಎಲ್ ಹಾಕುತ್ತಾರೆ.

ಹಾಗೆಂದು ಡಿಗಾಕ್ಸಿನ್ನನ್ನು ರೌಂಡ್ ಮಾಡಲೇಬಾರದು ಎಂದಲ್ಲ. ಕೈಯಲ್ಲಿರುವುದು 2 ಎಂಎಲ್ ಸಿರಿಂಜು ಮಾತ್ರ ಎಂದಾದರೆ, ವೈದ್ಯರನ್ನು ಕೇಳಿ 0.4ಕ್ಕೆ ಇಳಿಸಬಹುದು. ಅದು 20 ಮೈಕ್ರೊಗ್ರಾಂ, ಶೇ. 5ರಷ್ಟು ಕಡಿಮೆ. ಆದರೆ 1 ಎಂಎಲ್ ಸಿರಿಂಜಿನಲ್ಲಿ 0.42ಕ್ಕೆ ಸ್ವಂತ ಗೆರೆಯೇ ಇರುವಾಗ ರೌಂಡ್ ಮಾಡುವ ಅಗತ್ಯವೇ ಬೀಳುವುದಿಲ್ಲ. ಸಂಖ್ಯೆ ಬದಲಿಸುವ ಮುನ್ನ ಸಿರಿಂಜು ಬದಲಿಸಿ ನೋಡಬೇಕು. 5 ಎಂಎಲ್ ಸಿರಿಂಜಿನಲ್ಲಿ ಅಳೆಯಹೋದರೆ ಕಣ್ಣಳತೆಯಲ್ಲಿ ಅರ್ಧ ಗೆರೆ, ಅಂದರೆ 0.1 ಎಂಎಲ್, ತಪ್ಪುವುದು ದೊಡ್ಡದೇನಲ್ಲ. ಜ್ವರದ ಸಿರಪ್ಪಿನಲ್ಲಿ ಆ 0.1 ಎಂಎಲ್ ಬೆಲೆ ಎರಡೂವರೆ ಮಿಲಿಗ್ರಾಂ, ಡೋಸಿನ ಶೇ. 2. ಈ ಕೂಸಿನ ಡಿಗಾಕ್ಸಿನ್‌ನಲ್ಲಿ ಅದೇ 0.1 ಎಂಎಲ್ ಬೆಲೆ 5 ಮೈಕ್ರೊಗ್ರಾಂ, ಡೋಸಿನ ಕಾಲುಭಾಗದ ಹತ್ತಿರ. ಅಳತೆ ಒಂದೇ, ತಪ್ಪೂ ಒಂದೇ. ಒಂದು ಕಡೆ ಅದು ಕ್ಷಮಿಸಬಹುದಾದ್ದು, ಇನ್ನೊಂದು ಕಡೆ ಅಲ್ಲ.

ತೀರಾ ಕಡಿಮೆ ಪ್ರಮಾಣಕ್ಕೆ ಇಳಿದಾಗ 1 ಎಂಎಲ್ ಸಿರಿಂಜನ್ನೂ ನಂಬುವಂತಿಲ್ಲ. ಸಿರಿಂಜಿನ ಸಾಮರ್ಥ್ಯದ ಐದನೇ ಒಂದು ಭಾಗಕ್ಕಿಂತ ಕಡಿಮೆ ಅದರಲ್ಲಿ ಅಳೆಯಬೇಡಿ ಎಂಬುದು ನಮ್ಮ ಕೈರೂಢಿ. ಇನ್‌ಜೆಕ್ಷನ್ ಆದರೆ ಇನ್ನೂ ಒಂದು ತೊಡಕು: ಸಿರಿಂಜಿನ ಮೂತಿಯಲ್ಲೂ ಸೂಜಿಯಲ್ಲೂ ಗೆರೆಗೆ ಸಿಗದ ಒಂದಿಷ್ಟು ದ್ರವ ನಿಲ್ಲುತ್ತದೆ. 0.1 ಎಂಎಲ್ ಔಷಧ ಎಳೆದುಕೊಂಡು ಅದೇ ಸಿರಿಂಜಿಗೆ ನೀರು ಎಳೆದರೆ, ಮೂತಿಯಲ್ಲಿದ್ದ ಔಷಧವೂ ಒಳಗೆ ಬಂದು ಮಗುವಿಗೆ ಹೋಗುತ್ತದೆ. ಎಳೆಯ ಶಿಶುವಿಗೆ ಅದೇ ಇನ್ನೊಂದು ಡೋಸಿನಷ್ಟಾಗಬಲ್ಲದು. ಅದಕ್ಕೇ ಮೊದಲು ಬೇರೆಡೆ ತೆಳುಮಾಡಿ, ಆಮೇಲೆ ಅಳೆಯುವುದು.

ಇಷ್ಟೆಲ್ಲ ಗೊತ್ತಿದ್ದವರ ಕೈಯಲ್ಲೂ ತಪ್ಪು ನುಸುಳುವ ದಾರಿಯೊಂದಿದೆ. ಅದು ಒಂದೇ ದೊಡ್ಡ ರೌಂಡ್ ಅಲ್ಲ, ಸಣ್ಣವು ಸಾಲಾಗಿ ಬರುವುದು. ಇದೇ ಕೂಸನ್ನು ತೂಗಿದವರು 4.2 ಅನ್ನು ‘ಬಟ್ಟೆಗಿಟ್ಟೆ ಸೇರಿ ನಾಲ್ಕೂವರೆ’ ಎಂದು ಬರೆದರು ಎನ್ನೋಣ. ಲೆಕ್ಕ ಹಾಕಿದವರಿಗೆ 22.5 ಮೈಕ್ರೊಗ್ರಾಂ ಬಂತು, ಅವರು ‘25 ಇರಲಿ’ ಎಂದರು. ಔಷಧ ಕೊಟ್ಟವರಿಗೆ 25 ಅನ್ನು 50ರಿಂದ ಭಾಗಿಸಿದರೆ ನೀಟಾಗಿ 0.5 ಎಂಎಲ್. ಕೊನೆಯವರು ಏನನ್ನೂ ರೌಂಡ್ ಮಾಡಿಲ್ಲ. ಚೀಟಿಯ ಮೇಲಿನ ಸಂಖ್ಯೆ ಎಷ್ಟು ಚೊಕ್ಕಟವಾಗಿದೆ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಮೂವರೂ ಪ್ರಾಮಾಣಿಕರು, ಆದರೂ ಕೂಸಿಗೆ ಹೋಗುವುದು ಅಜ್ಜಿ ಹೇಳಿದ ಅದೇ ಅರ್ಧ.

ಇದನ್ನು ಹಿಡಿಯುವ ಉಪಾಯ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡುವುದು. ಕೈಯಲ್ಲಿರುವ 0.5 ಎಂಎಲ್ ಅನ್ನು 50ರಿಂದ ಗುಣಿಸಿ, ತಕ್ಕಡಿ ತೋರಿಸಿದ ನಿಜವಾದ 4.2ರಿಂದ ಭಾಗಿಸಿದರೆ ಕಿಲೋಗೆ ಸುಮಾರು 6 ಮೈಕ್ರೊಗ್ರಾಂ. ಬೇಕಿದ್ದದ್ದು 5. ತಪ್ಪು ತಾನಾಗಿ ಎದ್ದು ನಿಲ್ಲುತ್ತದೆ. ಅದಕ್ಕೇ ತೂಕವನ್ನೂ ಮಿಲಿಗ್ರಾಮನ್ನೂ ನಡುವೆ ಎಲ್ಲೂ ಮುಟ್ಟದೆ, ಕೊನೆಯ ಎಂಎಲ್‌ನಲ್ಲಿ ಒಂದೇ ಒಂದು ಸಲ ರೌಂಡ್ ಮಾಡಬೇಕು ಎನ್ನುವುದು. ಬರೆಯುವಾಗ ಸೊನ್ನೆಯ ಮೇಲೂ ಕಣ್ಣಿರಬೇಕು. ‘.5’ ಎಂದು ಬರೆದು ಚುಕ್ಕೆ ಮಾಸಿದರೆ 5, ‘5.0’ ಎಂದು ಬರೆದು ಚುಕ್ಕೆ ಮಾಸಿದರೆ 50. ಮೊದಲನೆಯದರಲ್ಲಿ ಸೊನ್ನೆ ಬೇಕು, ಎರಡನೆಯದರಲ್ಲಿ ಬೇಡ.

ಎಷ್ಟರವರೆಗೆ ಸರಿಸಬಹುದು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಸಂಖ್ಯೆ ಶೇ. 10. ಅದಕ್ಕೆ ಆಧಾರವಿಲ್ಲದಿಲ್ಲ. ಕ್ಯಾನ್ಸರ್ ಔಷಧಗಳನ್ನೂ ಶೇ. 10ರೊಳಗೆ ರೌಂಡ್ ಮಾಡಬಹುದೆಂದು ಆ ಕ್ಷೇತ್ರದ ಫಾರ್ಮಸಿಸ್ಟರ ಅಮೆರಿಕನ್ ಸಂಘಟನೆ 2018ರಲ್ಲಿ ಶಿಫಾರಸು ಮಾಡಿತು. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಅನ್ನು ಕಿಲೋಗೆ 6 ಮಿಲಿಗ್ರಾಂ ಲೆಕ್ಕದಲ್ಲಿ 75 ಕೆ.ಜಿ.ಯವರಿಗೆ ಕೊಡುವಾಗ 450 ಬೇಕಾಗುತ್ತದೆ, ವಯಲ್‌ನಲ್ಲಿರುವುದು 440. ಹತ್ತು ಮಿಲಿಗ್ರಾಮಿಗೋಸ್ಕರ ಅಷ್ಟು ದುಬಾರಿಯ ಇನ್ನೊಂದು ವಯಲ್ ಒಡೆಯುವುದರಲ್ಲಿ ಅರ್ಥವಿಲ್ಲ. ಆದರೆ ಶೇ. 10 ಎಲ್ಲ ಔಷಧಕ್ಕೂ ಒಪ್ಪುವ ಗೆರೆ ಎಂದು ಹಿಡಿದರೆ ಮೋಸಹೋಗುತ್ತೇವೆ. ಹಾಗೆ ಮೋಸ ಮಾಡುವುದರಲ್ಲಿ ಫೆನಿಟಾಯಿನ್ ಎಂಬ ಅಪಸ್ಮಾರದ ಮಾತ್ರೆಗೆ ಸಾಟಿಯಿಲ್ಲ.

ಬಹುತೇಕ ಔಷಧಗಳಲ್ಲಿ ಡೋಸು ಒಂದೂವರೆ ಪಟ್ಟಾದರೆ ರಕ್ತದಲ್ಲಿನ ಮಟ್ಟವೂ ಒಂದೂವರೆ ಪಟ್ಟಾಗುತ್ತದೆ. ಫೆನಿಟಾಯಿನ್ ಹಾಗಲ್ಲ. ಅದನ್ನು ಕರಗಿಸುವ ಯಕೃತ್ತಿನ ಸಾಮರ್ಥ್ಯಕ್ಕೆ ಮಿತಿಯಿದೆ, ಆ ಮಿತಿ ನಾವು ಕೊಡುವ ಡೋಸಿನ ತೀರಾ ಹತ್ತಿರದಲ್ಲೇ ಇದೆ. ಟೋಲ್ ಗೇಟಿನ ಕೌಂಟರುಗಳೆಲ್ಲ ತುಂಬಿದ ಮೇಲೆ ಬರುವ ಪ್ರತಿ ಗಾಡಿಯೂ ಸಾಲನ್ನು ಉದ್ದ ಮಾಡುವಂತೆ, ಅಲ್ಲಿಂದಾಚೆ ಸೇರಿಸಿದ್ದೆಲ್ಲ ರಕ್ತದಲ್ಲೇ ನಿಲ್ಲುತ್ತದೆ. ಪಠ್ಯಪುಸ್ತಕದ ಸರಾಸರಿ ಅಂಕಿಗಳನ್ನೇ ಹಿಡಿದು 60 ಕೆ.ಜಿ.ಯ ಒಬ್ಬರಿಗೆ ಲೆಕ್ಕ ಹಾಕಿದರೆ, ದಿನಕ್ಕೆ 300 ಮಿಲಿಗ್ರಾಂ ಕೊಟ್ಟಾಗ ರಕ್ತದ ಮಟ್ಟ ಎಂಎಲ್‌ಗೆ 10 ಮೈಕ್ರೊಗ್ರಾಂ ಬರುತ್ತದೆ. 325 ಕೊಟ್ಟಾಗ 13.7. 350 ಕೊಟ್ಟಾಗ 20. ಒಪ್ಪಿತ ಮಟ್ಟ 10ರಿಂದ 20. ವೈದ್ಯರಿಗೆ 325 ಬೇಕಿದ್ದು, ಅಂಗಡಿಯಲ್ಲಿ 50ರ ಮತ್ತು 100ರ ಮಾತ್ರೆ ಮಾತ್ರ ಇದ್ದು, ಯಾರೋ 350ಕ್ಕೆ ರೌಂಡ್ ಮಾಡಿದರು ಎನ್ನಿ. ಡೋಸು ಏರಿದ್ದು ಶೇ. 8ಕ್ಕಿಂತ ಕಡಿಮೆ, ಹತ್ತರ ನಿಯಮದ ಒಳಗೇ ಇದೆ. ರಕ್ತದ ಮಟ್ಟ ಏರಿದ್ದು ಶೇ. 46. ‘ಇನ್ನೊಂದು ಮಾತ್ರೆ ಇರಲಿ’ ಎಂದು 400ಕ್ಕೆ ಹೋದರೆ ಇದೇ ಲೆಕ್ಕ 80 ತೋರಿಸುತ್ತದೆ. ಇದು ಅದೇ ದಿನ ಗೊತ್ತಾಗುವುದಿಲ್ಲ. ಒಂದೆರಡು ವಾರದ ಮೇಲೆ ಮನುಷ್ಯ ಕುಡಿದವರಂತೆ ತೂರಾಡುತ್ತಾನೆ, ಮಾತು ತೊದಲುತ್ತದೆ, ಕಣ್ಣುಗುಡ್ಡೆ ಅದುರುತ್ತದೆ. ಇಂಥಲ್ಲಿ ವೈದ್ಯರು ಒಂದು ದಿನ 300, ಮರುದಿನ 350 ಕೊಟ್ಟು ಸರಾಸರಿ 325 ಮಾಡಿ, ಆಮೇಲೆ ರಕ್ತ ಪರೀಕ್ಷಿಸುತ್ತಾರೆ.

ದಿನ ಬಿಟ್ಟು ದಿನದ ಈ ಜಾಣತನ ಥೈರಾಯ್ಡ್ ಮಾತ್ರೆಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಥೈರಾಕ್ಸಿನ್ ಕೂಡ ಸೂಕ್ಷ್ಮ ಔಷಧವೇ. ಆದರೆ ಒಮ್ಮೆ ನುಂಗಿದ್ದರಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಏಳು ದಿನ ಬೇಕು. ಇವತ್ತು 50, ನಾಳೆ 75 ಮೈಕ್ರೊಗ್ರಾಂ ಕೊಟ್ಟರೆ ಮೈಗೆ ಆ ಏರಿಳಿತ ತಿಳಿಯುವುದೇ ಇಲ್ಲ, ಅದಕ್ಕೆ ಸಿಗುವುದು 62.5. ಮಾತ್ರೆ ಮುರಿಯುವ ಗೋಜೂ ಇಲ್ಲ. ಬೇಗ ಹೊರಹೋಗುವ ಔಷಧಗಳಲ್ಲಿ ಇದನ್ನೇ ಮಾಡಿದರೆ ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು ಎಂದಷ್ಟೇ ಆಗುತ್ತದೆ.

ಮುರಿಯುವುದೂ ಅಂದುಕೊಂಡಷ್ಟು ಸಲೀಸಲ್ಲ. ನಡುವೆ ಗೆರೆಯಿರುವ ಮಾತ್ರೆ ಸಮಪಾಲಾಗುತ್ತದೆಯೇ ಎಂದು ನೋಡಲು ಯುರೋಪಿನ ಔಷಧಕೋಶದಲ್ಲಿ ಒಂದು ಪರೀಕ್ಷೆಯಿದೆ. 30 ಮಾತ್ರೆ ಕೈಯಲ್ಲಿ ಮುರಿದು, ಪ್ರತಿಯೊಂದರ ಒಂದು ತುಂಡು ತೂಗುತ್ತಾರೆ. ಸರಾಸರಿ ತೂಕದ ಶೇ. 85ರಿಂದ 115ರ ಆಚೆ ಒಂದಕ್ಕಿಂತ ಹೆಚ್ಚು ತುಂಡು ಹೋಗಬಾರದು. ಅಂದರೆ ಪಾಸಾದ ಅರ್ಧ ಮಾತ್ರೆಯಲ್ಲೂ ಶೇ. 15ರಷ್ಟು ಹೆಚ್ಚುಕಡಿಮೆ ಇರಬಹುದು. ಬಿ.ಪಿ.ಯ ಬಹುತೇಕ ಮಾತ್ರೆಗಳಿಗೆ ಇದರಿಂದ ತೊಂದರೆಯಿಲ್ಲ, ಇವತ್ತಿನ ದೊಡ್ಡ ತುಂಡಿಗೆ ನಾಳೆಯ ಸಣ್ಣ ತುಂಡು ಸರಿಹೋಗುತ್ತದೆ. ಗೆರೆಯೇ ಇಲ್ಲದ ಮಾತ್ರೆಯನ್ನು ತರಕಾರಿ ಚಾಕುವಿನಲ್ಲಿ ಕಾಲುಭಾಗ ಮಾಡುವುದು ಮಾತ್ರ ಬರೀ ಅಂದಾಜು. ಇನ್ನು ಹೆಸರಿನ ಮುಂದೆ ಎಸ್ಆರ್, ಇಆರ್, ಎಕ್ಸ್ಆರ್, ಸಿಆರ್ ಎಂದಿರುವ ಮಾತ್ರೆಗಳಲ್ಲಿ ಬಹಳಷ್ಟು, ದಿನವಿಡೀ ನಿಧಾನವಾಗಿ ಬಿಡಬೇಕಾದ ಔಷಧವನ್ನು ಮೇಲ್ಪದರದಿಂದಲೇ ತಡೆಹಿಡಿದಿರುತ್ತವೆ. ನಿಫೆಡಿಪಿನ್ ರಿಟಾರ್ಡ್ ಅನ್ನು ಮುರಿದು ಪುಡಿಮಾಡಿದರೆ, ತೂಕದಲ್ಲಿ ಅರ್ಧವೇ ಇದ್ದರೂ ಔಷಧ ಒಟ್ಟಿಗೆ ನುಗ್ಗಿ ಬಿ.ಪಿ. ದಿಢೀರನೆ ಕುಸಿಯಬಹುದು. ಅಲ್ಲಿ ಲೆಕ್ಕ ಸರಿಯಿದ್ದೂ ಫಲವಿಲ್ಲ.

ಅಜ್ಜಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. 1 ಎಂಎಲ್ ಸಿರಿಂಜೊಂದನ್ನು ಸೂಜಿಯಿಲ್ಲದೆ ಕೊಟ್ಟು, 0.42ರ ಗೆರೆಗೆ ಸರಿಯಾಗಿ ಬಿಳಿ ಪ್ಲಾಸ್ಟರಿನ ತೆಳು ಪಟ್ಟಿ ಸುತ್ತಿದೆ. “ಅಜ್ಜಿ, ಕಪ್ಪು ರಬ್ಬರಿನ ಮೇಲಂಚು ಈ ಪಟ್ಟಿಗೆ ಮುಟ್ಟಬೇಕು. ದಾಟಬಾರದು. ಕೂಸು ವಾಂತಿ ಮಾಡಿದ್ರೆ ಮತ್ತೆ ಹಾಕ್ಬೇಡಿ, ಹಾಲು ಬಿಟ್ರೆ ಕರ್ಕೊಂಡ್ ಬನ್ನಿ.” ನೀರು ತುಂಬಿಸಿ ಮೂರು ಸಲ ಎಳೆದು ತೋರಿಸಲು ಹೇಳಿದೆ. ಮೊದಲ ಸಲ ಒಳಗೆ ಗುಳ್ಳೆ ನಿಂತಿತ್ತು. ಸಿರಿಂಜು ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸುವುದನ್ನು ಮಗಳಿಗಿಂತ ಮೊದಲು ಅಜ್ಜಿಯೇ ಕಲಿತರು.

ಎರಡು ತಿಂಗಳಾದ ಮೇಲೆ ಮೂವರೂ ಮತ್ತೆ ಬಂದರು. ಕೂಸಿನ ತೂಕ ಸರಿಯಾಗಿ 5 ಕೆ.ಜಿ. ವೈದ್ಯರು ಹೊಸದಾಗಿ ಲೆಕ್ಕ ಹಾಕಿದ್ದರು: 25 ಮೈಕ್ರೊಗ್ರಾಂ. ನಾನು ಹಳೆಯ ಸಿರಿಂಜು ಬಿಸಾಕಿ, ಹೊಸದರಲ್ಲಿ 0.5ಕ್ಕೆ ಪಟ್ಟಿ ಸುತ್ತಿ ಕೊಟ್ಟೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಅರ್ಧ ಅಲ್ವೇನವ್ವ?”

“ಹೌದಜ್ಜಿ, ಅರ್ಧ.”

“ನಾನು ಅವತ್ತೇ ಹೇಳ್ಲಿಲ್ವಾ!” ಎಂದು ಮಗಳ ಕಡೆ ತಿರುಗಿದರು.